ಕಾಕಾ ಕಟ್ಟಿದ ನನ್ನ ಫೀ

ಬಿ.ಎ. ಕೊನೆಯ ವರ್ಷದ ಮೊದಲ ಟರ್ಮಿಗೆ ನನ್ನ ಹೆಸರಿನಲ್ಲಿ ಎರಡು ಸಲ ಫೀ ಸಂದಾಯವಾಯಿತು. ಒಂದನ್ನು ನಾನು ಕಟ್ಟಿದ್ದೆ, ಇನ್ನೊಂದನ್ನು ಕಾಕಾ ಕಟ್ಟಿಸಿದ್ದರು. ಹೆಚ್ಚಾದ ಹಣವನ್ನು ಹಿಂದಿರುಗಿಸಿರೆಂದು ಕಾಲೇಜಿನ ಲೆಕ್ಕದ ಕಚೇರಿಗೆ ನಾನು ಅರ್ಜಿ ಬರೆದೆ. ಇಷ್ಟು ಹೇಳಿದರೆ ಯಾರಾದರೂ, ಇದರಲ್ಲಿ ಸಿಟ್ಟಿಗೇಳುವಂಥದ್ದು ಏನಿದೆ, ಹೆಚ್ಚು ಬಂದದ್ದನ್ನು ತಿರುಗಿ ಕೊಡುತ್ತಾರೆ, ತೆಗೆದುಕೊಂಡರಾಯಿತು ಎನ್ನುತ್ತಾರೆ. ಕಾಲೇಜಿನವರೂ ಹಾಗೆಯೇ ಅಂದರು. ಆದರೆ ಆ ಎರಡರಲ್ಲಿ ಯಾವುದು ಫೀ, ಯಾವುದು ಹೆಚ್ಚಿನದು ಎಂಬುದರ ಮೇಲೆ ನನ್ನ ಲಗ್ನ ನಿಂತಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನಾನು ಹುಬ್ಬಳ್ಳಿಯಲ್ಲಿ ಅಪ್ಪನ ತಮ್ಮ ಕಾಕಾನ ಮನೆಯಲ್ಲೇ ಇದ್ದೆವು. ಕಾಕಾನದು ಅರಳೆಯ ಅಡತಿ ಅಂಗಡಿ. ಸುತ್ತಲಿನ ಹಳ್ಳಿಗಳಿಂದ ಬಂದ ಅರಳೆಯನ್ನು ಮಾರಿಕೊಟ್ಟು ದಲಾಲಿ ಪಡೆಯುವ ವ್ಯವಹಾರ. ಆ ಪೇಟೆಯಲ್ಲಿ ಸಾವಿರಾರು ರೂಪಾಯಿಯ ಸೌದಾ ಬರೀ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಕಾಗದವೆಲ್ಲ ಆಮೇಲೆ. ಕಾಕಾ ಒಮ್ಮೆ ಹೂಂ ಅಂದರೆ ದರ ಏರಲಿ ಇಳಿಯಲಿ ಆ ಮಾತು ನಡೆದೇ ನಡೆಯುತ್ತದೆ ಎಂಬ ಹೆಸರು ಅವರಿಗಿತ್ತು. ಅದು ಸುಳ್ಳಲ್ಲ.

ಆ ವರ್ಷ ಬೇಸಿಗೆಯಲ್ಲಿ ಗದಗಿನ ಕಡೆಯ ಒಂದು ಮನೆತನದಿಂದ ಕೇಳಿಕೊಂಡು ಬಂದಿದ್ದರು. ಹುಡುಗ ಹೇಗಿದ್ದಾನೆಂದು ನಾನು ಕೇಳಲಿಲ್ಲ. ಒಂದು ವರ್ಷ ತಡೆದರೆ ಬಿ.ಎ. ಮುಗಿಯುತ್ತದೆ ಎಂದಷ್ಟೇ ಹೇಳಿದೆ. ಕಾಕಾ ಬೈಯಲಿಲ್ಲ. ಅವರು ಬೈಯುವವರಲ್ಲ, ಚೌಕಾಶಿ ಮಾಡುವವರು. ಅವ್ವನೂ ಮನೆಯ ಹಿರಿಯರಿಬ್ಬರೂ ಕುಳಿತಿದ್ದಾಗ ಒಂದು ಮಾತು ಇಟ್ಟರು.

"ನೋಡವಾ, ಈ ವರ್ಷದ ಫೀ ನಾ ಕಟ್ಟಿದ್ರ ನನ್ನ ಮಾತು ನಡೀಬೇಕು. ದೀಪಾವಳಿ ಆದ ಕೂಡ್ಲೇ ಲಗ್ನ. ನೀನ ಕಟ್ಟಿಕೊಂಡ್ರ ನಿನ್ನ ಮಾತು. ಪರೀಕ್ಷಾ ಮುಗಿಯೂ ತನಕ ನಾ ಲಗ್ನದ ಸುದ್ದಿ ತಗಿಯೂದಿಲ್ಲ. ಆತ?"

ನಾನು ಆಯಿತು ಅಂದೆ. ನನ್ನಿಂದ ಆಗುವುದಿಲ್ಲ ಎಂದುಕೊಂಡೇ ಅವರು ಆ ಮಾತು ಇಟ್ಟಿರಬೇಕು. ರೈಲ್ವೆ ಕ್ವಾರ್ಟರ್ಸಿನಲ್ಲಿ ಅಧಿಕಾರಿಯೊಬ್ಬರ ಹೆಣ್ಣುಮಕ್ಕಳಿಬ್ಬರಿಗೆ ನಾನು ಎರಡು ವರ್ಷಗಳಿಂದ ಪಾಠ ಹೇಳುತ್ತಿದ್ದೆ. ಬಂದ ಹಣ ಅವ್ವನ ಟ್ರಂಕಿನಲ್ಲಿತ್ತು. ಕಾಕಾನಿಗೆ ಪಾಠದ ವಿಷಯ ಗೊತ್ತಿತ್ತು. ಹಣದ ವಿಷಯ ಕೇಳಿರಲಿಲ್ಲ. ಹೆಣ್ಣುಮಗಳ ಪಾಠಕ್ಕೆ ಹಣ ಕೊಡುತ್ತಾರೆಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ.

ಕಾಲೇಜು ಧಾರವಾಡದಲ್ಲಿ. ನಾನು ದಿನಾಲೂ ರೈಲಿನಲ್ಲಿ ಹೋಗಿಬರುತ್ತಿದ್ದೆ. ಜೂನ್ ಕೊನೆಗೆ ಫೀ ತೆಗೆದುಕೊಳ್ಳಲು ಶುರು ಮಾಡಿದ ದಿನವೇ ಹೋಗಿ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ಒಳಗೆ ಕುಳಿತಿದ್ದ ಗುಮಾಸ್ತರು ನನ್ನ ತರಗತಿಯ ಫೀ ರಿಜಿಸ್ಟರ್ ತೆಗೆದು, ರೋಲ್ ನಂಬರಿನ ಮುಂದೆ ಹಣ ಬರೆದು, ಕಾರ್ಬನ್ ಹಾಳೆ ಇಟ್ಟು ಪಾವತಿ, ಅಂದರೆ ರಸೀದಿ, ಹರಿದುಕೊಟ್ಟರು. ಪಾವತಿಯ ನಂಬರು ಮುನ್ನೂರ ಹನ್ನೆರಡು. ಆ ಕಾಗದವನ್ನು ಪುಸ್ತಕದಲ್ಲಿಟ್ಟುಕೊಂಡು ಬಂದೆ. ಮನೆಯಲ್ಲಿ ಅವ್ವನಿಗೆ ಮಾತ್ರ ತೋರಿಸಿದೆ. ಕಾಕಾ ಕೇಳಿದಾಗ ತೋರಿಸಿದರಾಯಿತೆಂದು ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಸ್ವಭಾವ. ಅದಕ್ಕೆ ಆಗ ಬೆಲೆ ತೆತ್ತೆ.

ಕಾಕಾನ ಮನೆಯಲ್ಲಿ ಮಕ್ಕಳ ಫೀ ಕಟ್ಟುವುದಕ್ಕೊಂದು ಪದ್ಧತಿಯಿತ್ತು. ಯಾವ ಹುಡುಗನ ಕೈಗೂ ಹಣ ಕೊಡುತ್ತಿರಲಿಲ್ಲ. ಜೂನ್ ಮುಗಿಯುವ ಹೊತ್ತಿಗೆ ಅಂಗಡಿಯ ದಿವಾಣಜಿ ಒಂದು ಚೀಟಿ ಮತ್ತು ಬಟ್ಟೆಯ ಚೀಲ ಹಿಡಿದುಕೊಂಡು ಧಾರವಾಡಕ್ಕೆ ಹೋಗುತ್ತಿದ್ದರು. ದಿವಾಣಜಿ ಅಂದರೆ ಅಂಗಡಿಯ ಲೆಕ್ಕ ಬರೆಯುವ ಹಿರಿಯರು. ಕಾಕಾನ ಇಬ್ಬರು ಮಕ್ಕಳ ಫೀ ಮತ್ತು ನನ್ನ ಫೀ ಒಂದೇ ಸಲಕ್ಕೆ ಕಟ್ಟಿ ಬರುತ್ತಿದ್ದರು. ಅವರು ಕಿಟಕಿಯ ಮುಂದೆ ನಿಲ್ಲುತ್ತಿರಲಿಲ್ಲ. ಕಾಲೇಜಿನ ಕಟ್ಟಡಕ್ಕೆ ಕಾಕಾ ದೇಣಿಗೆ ಕೊಟ್ಟವರು. ಆ ಅಂಗಡಿಯ ಮನುಷ್ಯನನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ಚಹಾ ತರಿಸಿ, ಚೀಟಿಯಲ್ಲಿದ್ದ ಹೆಸರುಗಳನ್ನು ನೋಡಿ ಪಾವತಿ ಬರೆದುಕೊಡುತ್ತಿದ್ದರು. ರಿಜಿಸ್ಟರಿನಲ್ಲಿ ಆಮೇಲೆ ಬರೆದುಕೊಂಡರಾಯಿತು ಎಂಬ ಸಲಿಗೆ. ಆ ವರ್ಷವೂ ಹಾಗೆಯೇ ಆಯಿತು. ಅವರೂ ಎಲ್ಲರಂತೆ ಸಾಲಿನಲ್ಲಿ ನಿಂತಿದ್ದರೆ ಗುಮಾಸ್ತರು ರಿಜಿಸ್ಟರ್ ತೆರೆಯುತ್ತಿದ್ದರು, ನನ್ನ ನಂಬರಿನ ಮುಂದೆ ಹಣ ಆಗಲೇ ಜಮಾ ಆಗಿರುವುದು ಕಾಣುತ್ತಿತ್ತು. ಒಂದು ಕುರ್ಚಿ ಮತ್ತು ಒಂದು ಕಪ್ ಚಹಾ ನನ್ನ ವರ್ಷವನ್ನು ತಿನ್ನಲು ಹೊರಟವು.

ಊಟಕ್ಕೆ ಕುಳಿತಾಗ ಕಾಕಾ ಮೂರು ಪಾವತಿಗಳನ್ನು ಅವ್ವನ ಮುಂದೆ ಇಟ್ಟು, ಫೀ ಕಟ್ಟಿ ಆಯಿತು, ಗದಗಿನವರಿಗೆ ಹೇಳಿ ಕಳಿಸುತ್ತೇನೆ ಅಂದರು. ನಾನು ಎದ್ದು ಹೋಗಿ ನನ್ನ ಪಾವತಿ ತಂದು ಪಕ್ಕದಲ್ಲಿಟ್ಟೆ. ಕಾಕಾ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ನಕ್ಕರು.

"ಎರಡು ಅದಾವ. ಒಂದು ಫೀ, ಒಂದು ಜಾಸ್ತಿದು. ಯಾವುದು ಯಾವುದು ಅಂತ ನಾನೂ ತೀರ್ಮಾನ ಮಾಡೂದಿಲ್ಲ, ನೀನೂ ಮಾಡಬ್ಯಾಡ. ಕಾಲೇಜಿನವ್ರು ಯಾರ ರೊಕ್ಕ ತಿರುಗಿ ಕೊಡತಾರೋ ಅವ್ರು ಸೋತಂಗ."

ನನ್ನ ಹೆಸರು ಚೀಟಿಯಲ್ಲಿ ಯಾಕೆ ಉಳಿಯಿತೆಂದು ಮರುದಿನ ದಿವಾಣಜಿಯನ್ನು ಕೇಳಿದೆ. ಹೋದ ವರ್ಷದ ಚೀಟಿಯನ್ನೇ ಯಜಮಾನರು ಕೊಟ್ಟರು, ನಿಮ್ಮ ಹೆಸರು ಹೊಡೆದುಹಾಕಿರಲಿಲ್ಲ, ನಾನೇನು ಮಾಡಲಿ ತಾಯಿ ಅಂದರು. ಕಾಕಾ ಮರೆತಿದ್ದರೋ ಬೇಕೆಂದೇ ಬಿಟ್ಟಿದ್ದರೋ ಇವತ್ತಿಗೂ ನನಗೆ ತಿಳಿಯದು. ಮರೆತಿದ್ದರೆಂದುಕೊಂಡರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ. ನನ್ನೊಡನೆ ಆಡಿದ ಮಾತು ಅರಳೆಯ ಸೌದಾದಷ್ಟೂ ನೆನಪಿರಲಿಲ್ಲ ಎಂದಾಗುತ್ತದೆ.

ನಾನು ಕಾಲೇಜಿನ ಲೆಕ್ಕದ ಕಚೇರಿಗೆ ಹೋದೆ. ಹೆಡ್ ಕ್ಲಾರ್ಕ್ ಐವತ್ತು ದಾಟಿದವರು, ಒಳ್ಳೆಯ ಮಾತಿನವರು. ಅವರು ಎರಡು ಪಾವತಿಗಳ ವಿಷಯ ಕೇಳಿ ಗುಮಾಸ್ತರಿಂದ ಪಾವತಿ ಪುಸ್ತಕ ತರಿಸಿದರು. ಅದರಲ್ಲಿ ಉಳಿದ ಪ್ರತಿಗಳನ್ನು ತಿರುವಿ ನೋಡಿ, ಹೌದು, ಎರಡು ಆಗಿವೆ, ತೊಂದರೆ ಇಲ್ಲ ಅಂದರು. ಪಾಲಕರು ಕಟ್ಟಿದ್ದು ಫೀ, ನೀವು ಕಟ್ಟಿದ್ದು ಜಾಸ್ತಿ, ಅರ್ಜಿ ಕೊಡಿ, ವೋಚರಿಗೆ ರೆವಿನ್ಯೂ ಸ್ಟ್ಯಾಂಪ್ ಹಚ್ಚಿ ಸಹಿ ಮಾಡಿ ಹಣ ಒಯ್ಯಿರಿ.

ಮೊದಲು ಕಟ್ಟಿದ್ದು ನಾನು ಅಂದೆ.

"ಮೊದಲು ಯಾರು, ಆಮ್ಯಾಲೆ ಯಾರು ಅನ್ನೂದ್ರಾಗ ಏನೈತಿ ತಂಗೀ? ಎರಡೂ ನಿಮ್ಮ ಹೆಸರಿಗೇ ಅದಾವ. ಯಾವುದನ್ನ ಕೊಟ್ರೂ ನಿಮ್ಮ ಮನಿಗೇ ಬಂತು. ತಗೊಂಡು ಒಂದು ಛಲೋ ಇಳಕಲ್ ಸೀರಿ ತಗೊಳ್ರಿ."

ಪಕ್ಕದ ಮೇಜಿನವರು ನಕ್ಕರು. ಲಗ್ನಕ್ಕೆ ಉಪಯೋಗ ಆದೀತು ಎಂದು ಇನ್ನೊಬ್ಬರು ಅಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಹುಡುಗಿಗೆ ಹಣ, ಸೀರೆ, ಲಗ್ನ ಎಂದು ಅನ್ನಲು ಏನೂ ಗೊತ್ತಿರಬೇಕಾಗಿಲ್ಲ. ಮನೆಯ ಒಳಗಿನ ಒಪ್ಪಂದವನ್ನು ಆ ಮೇಜುಗಳ ಮುಂದೆ ಬಿಚ್ಚಿಡುವುದು ನನ್ನಿಂದ ಆಗಲಿಲ್ಲ. ನನ್ನ ಕಾರಣ ನನ್ನಲ್ಲೇ ಇರಲಿ, ಪಾವತಿಯ ನಂಬರುಗಳೇ ಮಾತಾಡಲಿ ಎಂದು ಅಲ್ಲಿಂದ ಎದ್ದು ಲೇಡೀಸ್ ರೂಮಿಗೆ ಹೋಗಿ ಅರ್ಜಿ ಬರೆದೆ. ಆಗ ಕಚೇರಿಯ ಅರ್ಜಿಯೆಲ್ಲ ಇಂಗ್ಲಿಷಿನಲ್ಲೇ. ಅದರ ಪ್ರತಿ ನನ್ನ ಬಳಿ ಇದೆ. ಕನ್ನಡದಲ್ಲಿ ಹೀಗಾಗುತ್ತದೆ:

"ಪ್ರಿನ್ಸಿಪಾಲರಿಗೆ, ಲೆಕ್ಕದ ಕಚೇರಿಯ ಮುಖಾಂತರ. ಮೊದಲ ಟರ್ಮಿನ ಫೀಯಾಗಿ ನನ್ನ ರೋಲ್ ನಂಬರಿಗೆ ನೂರಾ ಎರಡು ರೂಪಾಯಿ ಎರಡು ಸಲ ಸಂದಾಯವಾಗಿದೆ. ಮೊದಲನೆಯದನ್ನು ನಾನೇ ಕಿಟಕಿಯಲ್ಲಿ ನಗದಾಗಿ ಕಟ್ಟಿದ್ದೇನೆ. ಪಾವತಿ ನಂಬರು ಮುನ್ನೂರ ಹನ್ನೆರಡು, ಮೂಲವನ್ನು ಲಗತ್ತಿಸಿದೆ, ನೋಡಿ ಹಿಂದಿರುಗಿಸಬೇಕು. ಫೀ ರಿಜಿಸ್ಟರಿನಲ್ಲಿ ಅದೇ ದಿನ ಜಮಾ ಆಗಿದೆ. ಎರಡನೆಯದು ಐದು ದಿನಗಳ ನಂತರದ್ದು, ಪಾವತಿ ನಂಬರು ನಾನೂರ ಏಳು. ನಾನೂರ ಐದು ಮತ್ತು ನಾನೂರ ಆರು ನನ್ನ ಕಾಕಾನವರ ಮಕ್ಕಳ ಹೆಸರಿಗೆ ಇವೆ. ಮೂರನ್ನೂ ಒಂದೇ ಸಮಯಕ್ಕೆ ಅವರ ಅಂಗಡಿಯ ದಿವಾಣಜಿ ಕಟ್ಟಿದ್ದಾರೆ. ಫೀ ಆಗಲೇ ಸಂದಾಯವಾಗಿದ್ದರಿಂದ ನಾನೂರ ಏಳನೆಯ ಪಾವತಿಯ ಹಣ ಹೆಚ್ಚಿನದು. ಅದನ್ನು ಕಟ್ಟಿದವರಿಗೆ, ಅಂದರೆ ನನ್ನ ಕಾಕಾನವರಿಗೆ, ಹಿಂದಿರುಗಿಸಬೇಕೆಂದು ವಿನಂತಿ. ಈ ಹಣವನ್ನು ನನ್ನ ಕೈಗೆ ಕೊಡಬಾರದು."

ಕೊನೆಯ ಸಾಲು ಓದಿ ಹೆಡ್ ಕ್ಲಾರ್ಕರ ಮುಖದ ನಗು ಹೋಯಿತು. ಹಿಂದಿರುಗಿಸಬೇಕಾದ ಪಾವತಿಯ ಮೂಲ ಎಲ್ಲಿ ಎಂದು ಕೇಳಿದರು. ಅದು ಕಾಕಾನ ತಿಜೋರಿಯಲ್ಲಿತ್ತು. ಊಟದ ಹೊತ್ತಿನಲ್ಲಿ ನೋಡಿದ್ದ ನಂಬರನ್ನು ನೆನಪಿನಿಂದ ಬರೆದಿದ್ದೆ. ಮೂಲ ಪಾವತಿ ಇಲ್ಲದ ಅರ್ಜಿ ನಡೆಯುವುದಿಲ್ಲ ಎಂದು ಅರ್ಜಿಯನ್ನು ಬದಿಗೆ ಸರಿಸಿದರು. ಆ ಮಾತು ನಿಯಮದ ಪ್ರಕಾರ ಸರಿಯೇ. ಆದರೆ ನನ್ನ ಹಣ ನನಗೆ ಕೊಡುವುದಾಗಿ ಹೇಳಿದಾಗ ಅವರು ಯಾವ ಮೂಲವನ್ನೂ ಕೇಳಿರಲಿಲ್ಲ. ಅದನ್ನೇ ಹೇಳಿದೆ. ಅವರು ನನ್ನ ಮೂಲ ಪಾವತಿಯನ್ನು ತಿರುಗಿ ಕೊಟ್ಟು, ನೋಡೋಣ ಎಂದು ಅರ್ಜಿಯನ್ನು ಫೈಲಿಗೆ ಸೇರಿಸಿದರು.

ಆಷಾಢ ಕಳೆಯಿತು. ಗದಗಿನಿಂದ ಒಮ್ಮೆ ಕಾಗದ ಬಂತು. ಕಾಕಾ ಅದನ್ನು ಅವ್ವನಿಗೆ ಓದಿ ಹೇಳಿ, ಕಾಲೇಜಿನವರು ಏನಂದರು ಎಂದು ನನ್ನನ್ನು ಕೇಳಿದರು. ಇನ್ನೂ ಏನೂ ಅಂದಿಲ್ಲ ಅಂದೆ. ಹಾಗಾದರೆ ಶ್ರಾವಣ ಮುಗಿಯುವ ತನಕ ನೋಡೋಣ, ಅಷ್ಟರಲ್ಲಿ ತೀರ್ಮಾನ ಆಗದಿದ್ದರೆ ನಾನೇ ಕಟ್ಟಿದಂತೆ ಅಂದರು. ಆ ಗಡುವು ಮೊದಲಿನ ಮಾತಿನಲ್ಲಿ ಇರಲಿಲ್ಲ. ಹೊಸದಾಗಿ ಸೇರಿಸಿದ್ದು. ಪೇಟೆಯಲ್ಲಿ ಯಾರಾದರೂ ಅವರೊಡನೆ ಹಾಗೆ ಮಾಡಿದ್ದರೆ ಅಂಗಡಿಯ ಗಾದಿಯ ಮೇಲಿಂದ ಎಬ್ಬಿಸಿ ಕಳಿಸುತ್ತಿದ್ದರು. ಅವ್ವನ ಮುಖ ನೋಡಿದೆ. ಅವಳು ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು, ಅಷ್ಟೆ.

ಎರಡನೆಯ ಸಲ ಕಚೇರಿಗೆ ಹೋದಾಗ ಹೆಡ್ ಕ್ಲಾರ್ಕರು ದೊಡ್ಡ ಉಪಕಾರ ಮಾಡಿದವರಂತೆ ಸುದ್ದಿ ಹೇಳಿದರು. ಯಾರಿಗೂ ತಿರುಗಿ ಕೊಡುವುದು ಬೇಡ, ಕಾಕಾನವರ ಹಣವನ್ನು ಎರಡನೆಯ ಟರ್ಮಿನ ಫೀಗೆ ಜಮಾ ಹಿಡಿಯುತ್ತೇವೆ, ನವೆಂಬರಿನಲ್ಲಿ ನೀವು ಕಟ್ಟುವ ಕೆಲಸವೇ ಇಲ್ಲ. ಎಲ್ಲರಿಗೂ ಹಾಗೇ ಮಾಡುತ್ತಾರಂತೆ. ಬೇರೆ ಯಾರಿಗಾದರೂ ಅದು ಅನುಕೂಲವೇ. ನನಗೆ ಮಾತ್ರ, ವರ್ಷದ ಅರ್ಧ ಫೀ ಕಾಕಾ ಕಟ್ಟಿದಂತಾಗಿ ಎಲ್ಲವೂ ಮುಗಿಯುತ್ತಿತ್ತು. ಫೈಲಿನಲ್ಲಿ ಆ ಟಿಪ್ಪಣಿ ಬರೆದೂ ಆಗಿತ್ತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಸಿಟ್ಟು ಬಂತು. ಸಿಟ್ಟು ಬಂದಾಗ ನನಗೆ ಮಾತು ಬರುವುದಿಲ್ಲ, ಅಕ್ಷರ ಬರುತ್ತದೆ. ಅಲ್ಲೇ ಬೆಂಚಿನ ಮೇಲೆ ಕುಳಿತು ಇನ್ನೊಂದು ಅರ್ಜಿ ಬರೆದೆ.

ಇದರಲ್ಲಿ ನಂಬರುಗಳ ಜೊತೆಗೆ ಎರಡು ವಿಷಯ ಸೇರಿಸಿದೆ. ಒಂದೇ ರೋಲ್ ನಂಬರಿಗೆ ಒಂದೇ ಟರ್ಮಿನಲ್ಲಿ ಎರಡು ಪಾವತಿ ಇರುವುದರಿಂದ, ಎರಡನೆಯದನ್ನು ರಿಜಿಸ್ಟರ್ ನೋಡದೆ ಬರೆಯಲಾಗಿದೆ ಎಂಬುದು ಆಡಿಟ್ ಬಂದಾಗ ಕಾಣುತ್ತದೆ. ಮುಂದಿನ ಟರ್ಮಿಗೆ ಜಮಾ ಹಿಡಿಯಲು ಹಣ ಕಟ್ಟಿದವರ ಒಪ್ಪಿಗೆಯೂ ಇಲ್ಲ, ನನ್ನ ಒಪ್ಪಿಗೆಯೂ ಇಲ್ಲ. ಮೂಲ ಪಾವತಿ ಸಿಗದಿದ್ದರೆ ಕಚೇರಿಯ ಪ್ರತಿಯನ್ನೇ ನೋಡಿ, ಕಮಿಷನ್ ಕಳೆದು, ಕಾಕಾನವರ ಅಂಗಡಿಯ ವಿಳಾಸಕ್ಕೆ ಮನಿಯಾರ್ಡರ್ ಮಾಡಬಹುದು. ಅವರ ಸಹಿಯಿರುವ ಸ್ವೀಕೃತಿ ಅಂಚೆಯಿಂದ ಕಾಲೇಜಿಗೆ ಬರುತ್ತದೆ. ಹಣ ಸಂದ ಬಗ್ಗೆ ಅದಕ್ಕಿಂತ ಬೇರೆ ಪುರಾವೆ ಬೇಕಾಗದು.

ಮನಿಯಾರ್ಡರ್ ಎಂದು ಬರೆದದ್ದಕ್ಕೆ ಬೇರೆ ಕಾರಣವೂ ಇತ್ತು. ವೋಚರಿಗೆ ಸಹಿ ಮಾಡಲು ಕಾಕಾ ಧಾರವಾಡಕ್ಕೆ ಬರುತ್ತಿರಲಿಲ್ಲ. ಶಾಲೆ ಕಾಲೇಜಿಗೆ ಕೊಟ್ಟ ಹಣವನ್ನು ತಿರುಗಿ ತೆಗೆದುಕೊಳ್ಳುವುದು ನಮ್ಮ ಮನೆತನದ ರೀತಿಯಲ್ಲ ಎಂದು ಮನೆಯಲ್ಲಿ ಆಗಲೇ ಅಂದಿದ್ದರು. ಆದರೆ ಗಾದಿಗೆ ಬಂದ ಬೋಣಿಯನ್ನು ಅವರು ಒಮ್ಮೆಯೂ ತಿರುಗಿಸಿದವರಲ್ಲ. ಬೆಳಿಗ್ಗೆ ಪೂಜೆಯಾಗಿ ಬಾಗಿಲು ತೆರೆದ ಮೇಲೆ ಮೊದಲು ಬಂದ ಹಣ ಎಂಟಾಣೆಯಾದರೂ ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕುತ್ತಿದ್ದರು. ಅದನ್ನು ಬೇಡ ಅಂದರೆ ಆ ದಿನದ ವ್ಯಾಪಾರ ಹೋಯಿತೆಂದು ನಂಬಿದ್ದರು. ಅಂಚೆಯವನು ಆ ಓಣಿಗೆ ಬರುವುದು ಬೆಳಿಗ್ಗೆ, ಅಡತಿಯ ಲಿಲಾವು, ಅಂದರೆ ಹರಾಜು, ಶುರುವಾಗುವ ಮೊದಲೇ.

ಅರ್ಜಿಯನ್ನು ಕಚೇರಿಯಲ್ಲಿ ಕೊಡದೆ ಪ್ರಿನ್ಸಿಪಾಲರ ಕೋಣೆಗೇ ಒಯ್ದೆ. ಅವರು ಎರಡು ಸಲ ಓದಿದರು. ನಿಮ್ಮ ಕಾಕಾನವರು ಸಂಸ್ಥೆಗೆ ಬೇಕಾದವರು, ಅವರ ಮನಸ್ಸಿಗೆ ನೋವಾಗುವಂಥದ್ದು ಮಾಡಬಾರದು ಅಂದರು. ಅದುವರೆಗೆ ಯಾರ ಮುಂದೂ ಹೇಳದಿದ್ದುದನ್ನು ಅಲ್ಲಿಯೂ ಹೇಳಲಿಲ್ಲ. ಇಷ್ಟೇ ಅಂದೆ:

"ಸರ್, ನಾ ಅವ್ರ ರೊಕ್ಕ ಅವ್ರಿಗೆ ಕೊಡ್ರಿ ಅನ್ನಾಕತ್ತೇನಿ. ನನ್ನ ರೊಕ್ಕ ಎಲ್ಲೈತೋ ಅಲ್ಲೇ ಇರಲಿ ಅನ್ನಾಕತ್ತೇನಿ. ಇದ್ರಾಗ ನೋವು ಯಾರಿಗ್ರೀ?"

ಅವರು ಹೆಡ್ ಕ್ಲಾರ್ಕರನ್ನು ಪಾವತಿ ಪುಸ್ತಕ, ರಿಜಿಸ್ಟರ್ ಎರಡರೊಡನೆ ಕರೆಸಿದರು. ನಾನೂರ ಏಳನೆಯ ಪಾವತಿ ಬರೆಯುವಾಗ ರಿಜಿಸ್ಟರ್ ನೋಡಿದ್ದಿರೋ ಎಂದು ಕೇಳಿದರು. ಗುಮಾಸ್ತ ಹೊಸಬ ಎಂದು ಹೆಡ್ ಕ್ಲಾರ್ಕ್ ಉತ್ತರ ಕೊಟ್ಟರು. ಗುಮಾಸ್ತ ಹೊಸಬನಲ್ಲ, ನಾನು ಸೇರಿದ ವರ್ಷದಿಂದ ಅದೇ ಕಿಟಕಿಯಲ್ಲಿದ್ದ. ಆದರೆ ಅದನ್ನು ಹೇಳಿ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಪ್ರಿನ್ಸಿಪಾಲರು ನನ್ನ ಅರ್ಜಿಯ ಅಂಚಿನಲ್ಲಿ ಆಜ್ಞೆ ಬರೆದರು: ಮೊದಲ ಪಾವತಿ ಫೀ, ಎರಡನೆಯದು ಹೆಚ್ಚಿನದು, ಕಟ್ಟಿದವರಿಗೆ ಮನಿಯಾರ್ಡರ್ ಮಾಡುವುದು. ನ್ಯಾಯ ಬೇಕೆಂದು ಅವರು ಬರೆದರೆಂದು ನನಗೆ ಅನ್ನಿಸಲಿಲ್ಲ. ಆಡಿಟ್ ಎಂಬ ಶಬ್ದದ ಕೆಳಗೆ ಅವರೇ ಎಳೆದಿದ್ದ ಕೆಂಪು ಗೆರೆ ನನಗೆ ಕಾಣುತ್ತಿತ್ತು.

ಶ್ರಾವಣ ಮುಗಿಯುವ ಮೊದಲೇ ಮನಿಯಾರ್ಡರ್ ಬಂತು. ಬಂದ ದಿನ ನಾನು ರೈಲಿನಲ್ಲಿದ್ದೆ. ನಡೆದದ್ದನ್ನು ದಿವಾಣಜಿ ಹೇಳಿದರು. ಪೂಜೆ ಮುಗಿದಿತ್ತು, ಊದುಬತ್ತಿ ಇನ್ನೂ ಉರಿಯುತ್ತಿತ್ತು. ಖರೀದಿದಾರರು ಮೂರು ನಾಲ್ಕು ಜನ ಗಾದಿಯ ಮೇಲೆ ಚಹಾ ಕುಡಿಯುತ್ತಿದ್ದರು. ಅಂಚೆಯವನು ಫಾರ್ಮ್ ಚಾಚಿ ನೋಟು ಎಣಿಸಿದ. ಕಾಕಾ ಕೂಪನ್ನಿನ ಮೇಲಿನ ಬರಹ ಓದಿದರು. ಮೊದಲ ಟರ್ಮಿನ ಫೀಯ ಹೆಚ್ಚಿನ ಸಂದಾಯ ಎಂದು ಅದರಲ್ಲಿತ್ತು. ತಿರುಗಿ ಒಯ್ಯಿ ಅನ್ನಲು ಬಾಯಿ ತೆರೆದರಂತೆ. ಅಷ್ಟರಲ್ಲಿ ಖರೀದಿದಾರರಲ್ಲಿ ಒಬ್ಬರು, "ಬೋಣಿ ಛಲೋ ಆತಲ್ರೀ ಸಾವ್ಕಾರ್ರ, ಕುಂತಲ್ಲೇ ನೂರು ಬಂತು" ಅಂದರಂತೆ. ಕಾಕಾ ಸಹಿ ಹಾಕಿದರು. ಹಣ ಕಣ್ಣಿಗೊತ್ತಿಕೊಂಡರೋ ಇಲ್ಲವೋ ದಿವಾಣಜಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಭಾನುವಾರ ಕಾಕಾ ಅವ್ವನಿಗೆ, ನನ್ನ ಕಡೆ ನೋಡದೆ, ಆಕಿಗೆ ಹೇಳ್ರಿ ವೈನಿ, ಪರೀಕ್ಷಾ ಮುಗಿಯಲಿ ಅಂದರು. ಗದಗಿನವರಿಗೆ ಬೇರೆ ಕಡೆ ನೋಡಿಕೊಳ್ಳಲು ಬರೆಸಿದರು. ಬಂಧುಗಳೆಲ್ಲ ಅವರನ್ನು ಹೊಗಳಿದರು. ಅಣ್ಣನ ಮಗಳೊಡನೆ ಆಡಿದ ಮಾತನ್ನೂ ಉಳಿಸಿಕೊಂಡ ಮನುಷ್ಯ ಎಂದು. ಅವರು ಮಾತು ಉಳಿಸಿಕೊಂಡದ್ದು ಖರೆ. ಆದರೆ ನನ್ನ ಹಣ ನನ್ನದೆಂದು, ಮೊದಲಿನದು ಮೊದಲಿನದೆಂದು ಒಪ್ಪಿಸಲು ಎರಡು ಅರ್ಜಿ, ಒಬ್ಬ ಪ್ರಿನ್ಸಿಪಾಲರು, ಒಬ್ಬ ಅಂಚೆಯವನು ಬೇಕಾದರು. ಆ ಲೆಕ್ಕವನ್ನು ಯಾರೂ ಹಾಕಲಿಲ್ಲ. ಗದ್ದಲ ಮಾಡಿದ ಹುಡುಗಿ ಎಂಬ ಹೆಸರು ನನಗೆ ಉಳಿಯಿತು. ಒಂದು ದಿನವೂ ಧ್ವನಿ ಏರಿಸಿರಲಿಲ್ಲ ನಾನು.

ನವೆಂಬರಿನಲ್ಲಿ ಎರಡನೆಯ ಟರ್ಮು ಶುರುವಾದಾಗ ಫೀ ಜೊತೆ ಮೂರನೆಯ ಅರ್ಜಿಯನ್ನೂ ಒಯ್ದೆ. ಕಿಟಕಿಯಲ್ಲಿ ಹಣ ಕೊಟ್ಟು, ರಿಜಿಸ್ಟರಿನಲ್ಲಿ ಜಮಾ ಬರೆಯುವ ತನಕ ನಿಂತು, ಪಾವತಿ ಪಡೆದು ಒಳಗೆ ಹೋದೆ. ನನ್ನ ರೋಲ್ ನಂಬರಿಗೆ ಬೇರೆ ಯಾರೇ ಹಣ ತಂದರೂ ತೆಗೆದುಕೊಳ್ಳಬಾರದು ಎಂದಷ್ಟೇ ಅರ್ಜಿಯಲ್ಲಿತ್ತು.

ಹೆಡ್ ಕ್ಲಾರ್ಕ್ ಓದಿ ಕನ್ನಡಕ ತೆಗೆದರು. "ಫೀ ಮಾಫ್ ಮಾಡ್ರಿ ಅನ್ನೂ ಅರ್ಜಿ ರಗಡ ನೋಡೇನಿ. ಯಾರರ ಕಟ್ಟತೇನಿ ಅಂದ್ರೂ ಬ್ಯಾಡ ಅನ್ನಾವ್ರನ್ನ ನಿಮ್ಮನ್ನ ಒಬ್ರನ್ನ ನೋಡಿದ್ದು."

ಪ್ರತಿಯ ಮೇಲೆ ಅರ್ಜಿ ಮುಟ್ಟಿತೆಂದು ಸಹಿ ಹಾಕಿಕೊಡಿರಿ ಅಂದೆ. ನಾಳೆ ಕೊಡುತ್ತೇನೆ ಅಂದರು. ನಾನು ಅಲ್ಲೇ ನಿಂತೆ. ದಿವಾಣಜಿಯನ್ನು ಕೂಡಿಸುವ ಕುರ್ಚಿ ಮೇಜಿನ ಪಕ್ಕಕ್ಕೆ ಖಾಲಿ ಇತ್ತು. ಕೂಡ್ರಿ ಎಂದು ಅವರೂ ಅನ್ನಲಿಲ್ಲ, ನನಗೂ ಕೂಡುವುದು ಬೇಕಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಲೆಕ್ಕಣಿಕೆ ತೆಗೆದುಕೊಂಡು ಸಹಿ ಹಾಕಿದರು, ಮೊಹರೂ ಒತ್ತಿದರು. ಮಸಿ ಆರುವ ತನಕ ಕಾದು, ಮಡಚಿಕೊಂಡು ತರಗತಿಗೆ ಹೋದೆ.